ಆಯಿ ಕಂಡ ಸ್ವಾತಂತ್ರ್ಯದ ದಿನ: ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಆಯಿ ಎಂದು ಕರೆಯುವ ನಮ್ಮ ಅಜ್ಜಿ ತಮ್ಮ ಊರಿನಲ್ಲಿ ಸ್ವಾತಂತ್ರ್ಯ ಆಚರಿಸಿದ ದಿನವನ್ನು ಮೊಮ್ಮಕ್ಕಳಿಗೆ ಹಲವಾರು ಸಲ ಹೇಳಿದ್ದಾರೆ. ಕೇಳಿದವರೆಲ್ಲರೂ ಹೆಚ್ಚುಕಡಿಮೆ ಅವೇ ಪ್ರಶ್ನೆಗಳನ್ನು ಕೇಳುತ್ತಾರೆ. ಕೆಲವಕ್ಕೆ ಆಯಿಯೇ ಉತ್ತರಿಸಿದ್ದಾರೆ. ಉಳಿದವನ್ನು ಇತಿಹಾಸದೊಡನೆ ಹೋಲಿಸಿ ನಾನು ಬರೆದಿದ್ದೇನೆ.

ಈ ಕಥೆ ಯಾವ ಸೀಮೆಯದು?

ಆಯಿಯ ತವರೂರು ಕೊಪ್ಪಳ ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿ, ಅಳವಂಡಿಗೂ ಮುಂಡರಗಿಗೂ ನಡುವಿನ ಎರೆ ಭೂಮಿಯಲ್ಲಿರುವ ಒಂದು ಸಣ್ಣ ಹಳ್ಳಿ. ಈಗ ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವವರಿಗೆ ಒಂದು ಜಿಲ್ಲೆ ಮುಗಿದು ಇನ್ನೊಂದು ಜಿಲ್ಲೆ ಶುರುವಾದದ್ದು ಫಲಕ ನೋಡಿದರೆ ಮಾತ್ರ ತಿಳಿಯುತ್ತದೆ. ಆದರೆ ಆಯಿ ಚಿಕ್ಕವರಿದ್ದಾಗ ಅಲ್ಲಿ ಎರಡು ರಾಜ್ಯಗಳ ಗಡಿ ಇತ್ತು. ಕೊಪ್ಪಳವು ಹೈದರಾಬಾದಿನ ನಿಜಾಮರ ಸಂಸ್ಥಾನದ ರಾಯಚೂರು ಜಿಲ್ಲೆಗೆ ಸೇರಿದ್ದು, ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ಮುಂಡರಗಿ ಬ್ರಿಟಿಷರ ಆಳ್ವಿಕೆಯ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು.

ಎರಡೂ ಕಡೆ ಆಡುತ್ತಿದ್ದುದು ಒಂದೇ ಕನ್ನಡ, ಬೀಗತನ ನಡೆಯುತ್ತಿದ್ದುದೂ ಅದೇ ಮನೆತನಗಳ ನಡುವೆ. ಆದರೆ ನಾಣ್ಯ ಬೇರೆ, ಕಚೇರಿಯ ಭಾಷೆ ಬೇರೆ, ಕಾನೂನು ಬೇರೆ. ನಿಜಾಮರ ಸೀಮೆಯಲ್ಲಿ ಹಾಲಿ ಸಿಕ್ಕಾ ಚಲಾವಣೆಯಲ್ಲಿತ್ತು. ಮುಂಡರಗಿಯ ಸಂತೆಯಲ್ಲಿ ಕಲ್ದಾರ ರೂಪಾಯಿ ಕೊಡಬೇಕಿತ್ತು. ಆರು ಕಲ್ದಾರ ರೂಪಾಯಿಗೆ ಸುಮಾರು ಏಳು ಹಾಲಿ ರೂಪಾಯಿ ಬೇಕಾಗುತ್ತಿತ್ತು. ಗಡಿ ದಾಟುವ ಕಡೆ ಸುಂಕ ವಸೂಲಿ ಮಾಡುವ ಕರೋಡಗಿರಿ ನಾಕಾ ಇತ್ತು. ದಾರಿಗೆ ಅಡ್ಡಲಾಗಿ ಒಂದು ಮರದ ತೊಲೆ, ಪಕ್ಕದಲ್ಲೊಂದು ಹೆಂಚಿನ ಕೋಣೆ, ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ ಜವಾನ. ಆಯಿಯ ನೆನಪಿನಲ್ಲಿ ಗಡಿ ಎಂದರೆ ಇಷ್ಟೇ. ಈ ಕಥೆಯಲ್ಲಿ ಆ ತೊಲೆ ಮತ್ತೆ ಬರುತ್ತದೆ.

1947ರ ಆಗಸ್ಟ್ 15ರಂದು ಆ ಊರಿನಲ್ಲಿ ಏನು ನಡೆಯಿತು?

ಏನೂ ನಡೆಯಲಿಲ್ಲ. ಮೊಮ್ಮಕ್ಕಳಿಗೆ ನಂಬಲು ಅತಿ ಕಷ್ಟವಾಗುವ ಸಂಗತಿ ಇದೇ. ಶಾಲೆಯಲ್ಲಿ ಕಲಿತ ದಿನಾಂಕಕ್ಕೂ ಅಜ್ಜಿ ಹೇಳುವ ದಿನಕ್ಕೂ ಹೊಂದಾಣಿಕೆಯಾಗದಿದ್ದಾಗ ಅಜ್ಜಿಗೆ ಮರೆವು ಬಂದಿದೆ ಎಂದು ಅವರು ತಿಳಿಯುತ್ತಾರೆ. ಮರೆವೇನೂ ಇಲ್ಲ. ಬ್ರಿಟಿಷರು ಹೋದ ಮೇಲೆ ತಾನು ಭಾರತಕ್ಕಾಗಲಿ ಪಾಕಿಸ್ತಾನಕ್ಕಾಗಲಿ ಸೇರದೆ ಸ್ವತಂತ್ರವಾಗಿ ಉಳಿಯುವುದಾಗಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಅವರು 1947ರ ಜೂನ್ ತಿಂಗಳಿನಲ್ಲಿಯೇ ಸಾರಿದ್ದರು. ಹೀಗಾಗಿ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳ ಕನ್ನಡಿಗರಿಗೆ ಆಗಸ್ಟ್ 15 ಇತರ ದಿನಗಳಂತೆಯೇ ಕಳೆಯಿತು. ಸಂಸ್ಥಾನದೊಳಗೆ ಭಾರತದ ಬಾವುಟ ಹಾರಿಸುವುದು ಅಪರಾಧವಾಗಿತ್ತು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ನಾಯಕರಾಗಿದ್ದ ಸ್ವಾಮಿ ರಮಾನಂದ ತೀರ್ಥರು ಅದೇ ದಿನ ಬಂಧನಕ್ಕೊಳಗಾದರು.

ಆಯಿಗೆ ಆಗ ಎಂಟು ವರ್ಷ. ಆ ವಾರ ಮುಂಡರಗಿಯ ಸಂತೆಗೆ ಹೋಗಿ ಬಂದ ಬಂಡಿಯವರು, ಆಚೆ ಕಡೆ ಮಾವಿನ ತೋರಣ ಕಟ್ಟಿದ್ದರು, ಮಕ್ಕಳಿಗೆ ಪೇಪರಮೆಂಟು ಹಂಚಿದರು ಎಂದು ಹೇಳಿದ್ದು ಅವರಿಗೆ ಚೆನ್ನಾಗಿ ನೆನಪಿದೆ. “ಎರಡು ಹರದಾರಿ ಆಚೀಕ ಹಬ್ಬ, ಈಚೀಕ ನಮ್ಮ ಚಾವಡಿ ಮ್ಯಾಲ ಅದ ಹಳದಿ ಬಾವುಟ” ಎಂದು ಆಯಿ ಆ ದಿನವನ್ನು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಹಳದಿ ಬಾವುಟವೆಂದರೆ ನಿಜಾಮರ ಆಸಫಿಯಾ ಬಾವುಟ.

ಹಾಗಾದರೆ ಆಯಿ ಹೇಳುವ ದಿನ ಯಾವುದು? ಅದನ್ನು ಹೇಗೆ ಗುರುತಿಸಿದಿರಿ?

ಆಯಿ ಇಸವಿ ಹೇಳುವುದಿಲ್ಲ. ತಾರೀಖಿನ ಲೆಕ್ಕ ಅವರ ಬಾಲ್ಯದಲ್ಲಿ ಇರಲಿಲ್ಲ. ಆ ಕಾಲದ ಹೆಣ್ಣುಮಕ್ಕಳು ದಿನಗಳನ್ನು ನೆನಪಿಡುತ್ತಿದ್ದುದು ಹಬ್ಬ, ಹುಣ್ಣಿಮೆ, ಬೆಳೆ, ಯಾರಾದರೂ ಹುಟ್ಟಿದ್ದು, ಯಾರಾದರೂ ತೀರಿಕೊಂಡದ್ದು ಇವುಗಳಿಂದ. ನಾವು ಮೊದಲು ಮಾಡಿದ ತಪ್ಪೆಂದರೆ “ಅದು ಯಾವ ವರ್ಷ?” ಎಂದು ಒತ್ತಿ ಕೇಳಿದ್ದು. ಹಾಗೆ ಕೇಳಿದಾಗ ಅವರು ನಮ್ಮನ್ನು ಸಮಾಧಾನಪಡಿಸಲು, ಶಾಲೆಯಲ್ಲಿ ಮೊಮ್ಮಕ್ಕಳು ಉರು ಹೊಡೆಯುವ 1947ನ್ನೇ ಹೇಳಿಬಿಟ್ಟರು. “ಆಗ ಹೊಲದಲ್ಲಿ ಏನಿತ್ತು? ಹಿಂದಿನ ಹಬ್ಬ ಯಾವುದು? ರಾತ್ರಿ ದೀಪ ಬೇಕಾಗಿತ್ತೇ?” ಎಂದು ಕೇಳಲು ಶುರು ಮಾಡಿದ ಮೇಲೆ ಕಥೆ ತನ್ನ ನಿಜವಾದ ಜಾಗಕ್ಕೆ ಬಂದು ಕೂತಿತು.

ಅವರು ಕೊಟ್ಟ ಗುರುತುಗಳಲ್ಲಿ ಮೊದಲನೆಯದು ಬೆಳದಿಂಗಳು. ಆ ರಾತ್ರಿ ಬಾವುಟವನ್ನು ಹಗಲಿನಷ್ಟೇ ಸ್ಪಷ್ಟವಾಗಿ ಕಂಡದ್ದಾಗಿ ಅವರು ಪ್ರತಿ ಸಲವೂ ಹೇಳುತ್ತಾರೆ, ಅದು ಅನಂತನ ಹುಣ್ಣಿಮೆಯ ಹೊತ್ತು ಎಂದೂ ಸೇರಿಸುತ್ತಾರೆ. 1947ರ ಆಗಸ್ಟ್ 15 ಅಧಿಕ ಶ್ರಾವಣದ ಕೊನೆಯಲ್ಲಿ, ಅಮಾವಾಸ್ಯೆಯ ಹಿಂದಿನ ದಿನ ಬಂದಿತ್ತು. ಆ ರಾತ್ರಿ ಆಕಾಶದಲ್ಲಿ ಚಂದ್ರನೇ ಇರಲಿಲ್ಲ. ಅದಕ್ಕೆ ಬದಲು 1948ರ ಸೆಪ್ಟೆಂಬರ್ 18ರಂದು ಭಾದ್ರಪದದ ಪೂರ್ಣಚಂದ್ರ, ಅಂದರೆ ಅನಂತನ ಹುಣ್ಣಿಮೆಯ ಕಾಲ. ನಿಜಾಮರ ಸೈನ್ಯ ಶರಣಾದ ದಿನವೂ ಅದೇ.

ಎರಡನೆಯದು ಹೆಸರು ಕಾಳು. ಮನೆಯ ಪಡಸಾಲೆಯಲ್ಲಿ ಆಗ ತಾನೇ ಬಡಿದು ತೂರಿದ ಹೊಸ ಹೆಸರಿನ ರಾಶಿ ಇತ್ತು, ಹಿಂಗಾರಿ ಜೋಳದ ಬಿತ್ತನೆ ಇನ್ನೂ ಆಗಿರಲಿಲ್ಲ ಎಂದು ಅವರು ಹೇಳುತ್ತಾರೆ. ಮುಂಗಾರಿನಲ್ಲಿ ಬಿತ್ತಿದ ಹೆಸರು ಮನೆ ಸೇರಿ, ಎರೆ ಹೊಲ ಹಿಂಗಾರಿಗೆ ಹದವಾಗುತ್ತಿರುವುದು ಆ ಸೀಮೆಯಲ್ಲಿ ಸೆಪ್ಟೆಂಬರಿನ ನಡುಭಾಗಕ್ಕೆ ಸರಿಯಾಗಿ ಹೊಂದುತ್ತದೆ. ಆಗಸ್ಟ್ ನಡುಭಾಗಕ್ಕೆ ಅಷ್ಟಾಗಿ ಹೊಂದುವುದಿಲ್ಲ.

ಮೂರನೆಯ ಗುರುತೊಂದೇ ಸಾಕಾಗಿತ್ತು. ಬಾವುಟ ಏರಿದಾಗ ಎಲ್ಲರೂ ಮಹಾತ್ಮಾ ಗಾಂಧಿಗೆ ಜೈಕಾರ ಹಾಕಿದರು, ಆದರೆ ಅವರ ಮುತ್ತಜ್ಜ ಮಾತ್ರ ಜೈ ಎನ್ನದೆ ಕಟ್ಟೆಯ ಮೇಲೆ ಕೂತು ಅತ್ತರು, “ನೋಡಾಕ ಆ ಅಜ್ಜನ ಇಲ್ಲಲ್ಲ” ಎಂದರು ಎಂಬುದು ಆಯಿಯ ನೆನಪು. ಗಾಂಧೀಜಿಯವರ ಹತ್ಯೆಯಾದದ್ದು 1948ರ ಜನವರಿ 30ರಂದು. ಆಗಸ್ಟ್ 1947ರ ಆಚರಣೆಯಾಗಿದ್ದರೆ ಮುತ್ತಜ್ಜ ಹಾಗೆ ಅಳಲು ಕಾರಣವೇ ಇರುತ್ತಿರಲಿಲ್ಲ.

ಆ ಹದಿಮೂರು ತಿಂಗಳು ಊರು ಹೇಗಿತ್ತು?

1947ರ ನವೆಂಬರ್ 29ರಂದು ಭಾರತ ಸರ್ಕಾರಕ್ಕೂ ನಿಜಾಮರಿಗೂ ಒಂದು ಯಥಾಸ್ಥಿತಿ ಒಪ್ಪಂದವಾಯಿತು. ಒಂದು ವರ್ಷದ ಮಟ್ಟಿಗೆ ಎಲ್ಲವೂ ಮೊದಲಿನಂತೆಯೇ ಇರಲಿ ಎಂಬುದು ಅದರ ತಿರುಳು. ಆದರೆ ಊರುಗಳಲ್ಲಿ ಯಾವುದೂ ಮೊದಲಿನಂತೆ ಉಳಿಯಲಿಲ್ಲ. ಕಾಸಿಂ ರಜ್ವಿಯ ನೇತೃತ್ವದಲ್ಲಿ ರಜಾಕಾರರೆಂಬ ಸ್ವಯಂಸೇವಕ ಪಡೆ ಬೆಳೆದು, ನಿಜಾಮರ ಆಳ್ವಿಕೆಯನ್ನು ಉಳಿಸುವ ಹೆಸರಿನಲ್ಲಿ ಹಳ್ಳಿಗಳ ಮೇಲೆ ದಾಳಿ, ಸುಲಿಗೆ, ಕೊಲೆಗಳನ್ನು ನಡೆಸಿತು. ಬೀದರ ಜಿಲ್ಲೆಯ ಗೋರಟಾದಲ್ಲಿ 1948ರ ಮೇ ತಿಂಗಳಿನಲ್ಲಿ ನಡೆದ ಹತ್ಯಾಕಾಂಡದ ಸುದ್ದಿ ಇಡೀ ಸೀಮೆಯನ್ನು ನಡುಗಿಸಿತು. ಗಡಿಯ ಈಚೆಯವರು ಆಚೆ ಕಡೆ, ಮುಂಬಯಿ ಪ್ರಾಂತ್ಯದೊಳಗೆ, ಮುಂಡರಗಿ ಮತ್ತು ಗಜೇಂದ್ರಗಡಗಳಂಥ ಊರುಗಳಲ್ಲಿ ಶಿಬಿರಗಳನ್ನು ಕಟ್ಟಿಕೊಂಡು, ಅಲ್ಲಿಂದ ನಿಜಾಮರ ಠಾಣೆ ಮತ್ತು ನಾಕಾಗಳ ಮೇಲೆ ಎರಗುತ್ತಿದ್ದರು. ಮುಂಡರಗಿ ಶಿಬಿರದಲ್ಲಿ ಮುಂಚೂಣಿಯಲ್ಲಿದ್ದವರು ಅಳವಂಡಿಯ ಶಿವಮೂರ್ತಿ ಸ್ವಾಮಿಗಳು.

ಆಯಿಯ ಮನೆಯವರು ಯುಗಾದಿ ಮುಗಿದ ಮೇಲೆ ಊರು ಬಿಟ್ಟರು. ಗಂಡಸರು ದನಕರುಗಳಿಗಾಗಿ, ಬಿತ್ತನೆಗಾಗಿ ಉಳಿದರು. ಹೆಂಗಸರು ಮಕ್ಕಳನ್ನು ಕರೆದುಕೊಂಡು ಮುಂಡರಗಿಯಲ್ಲಿದ್ದ ಆಯಿಯ ಸೋದರಮಾವನ ಮನೆ ಸೇರಿದರು. ಹೊರಡುವ ರಾತ್ರಿ ಆಯಿಯ ತಾಯಿ ಕಿವಿಯ ಬೆಂಡೋಲೆಗಳನ್ನು ತೆಗೆದು ಜೋಳದ ಹಿಟ್ಟಿನ ಗಡಿಗೆಯೊಳಗೆ ಹುದುಗಿಸಿದರು. ನಾಕಾದಲ್ಲಿ ಜವಾನನು ಬಂಡಿಯೊಳಗೆ ಕೋಲು ಆಡಿಸಿ ನೋಡುವಾಗ ಕೋಲಿನ ತುದಿ ಆ ಗಡಿಗೆಗೆ ತಾಗಿ ಠಣ್ ಎಂದ ಸದ್ದು, ಆಗ ತಾಯಿ ತನ್ನ ಮೊಣಕೈಯನ್ನು ಹಿಡಿದ ಬಿಗಿ, ಇವನ್ನು ಹೇಳುವಾಗ ಆಯಿ ಈಗಲೂ ತಮ್ಮ ಮೊಣಕೈ ಮುಟ್ಟಿಕೊಳ್ಳುತ್ತಾರೆ.

ಸುದ್ದಿ ಹೇಗೆ ಬಂತು?

ಭಾರತದ ಸೈನ್ಯ 1948ರ ಸೆಪ್ಟೆಂಬರ್ 13ರ ಸೋಮವಾರ ನಾನಾ ದಿಕ್ಕುಗಳಿಂದ ಸಂಸ್ಥಾನದೊಳಗೆ ನುಗ್ಗಿತು. ಸೈನ್ಯದ ದಾಖಲೆಯಲ್ಲಿ ಅದು ಆಪರೇಷನ್ ಪೋಲೋ. ಜನರ ಬಾಯಲ್ಲಿ ಪೊಲೀಸ್ ಆ್ಯಕ್ಷನ್. ಐದನೆಯ ದಿನ, 17ರ ಶುಕ್ರವಾರ ಸಂಜೆ, ನಿಜಾಮರು ಯುದ್ಧ ನಿಲ್ಲಿಸಿದ್ದನ್ನು ರೇಡಿಯೋದಲ್ಲಿ ಸಾರಲಾಯಿತು. ಮರುದಿನ 18ರಂದು ಅವರ ಸೇನಾಪತಿ ಎಲ್ ಎದ್ರೂಸ್ ಅವರು ಮೇಜರ್ ಜನರಲ್ ಜೆ. ಎನ್. ಚೌಧುರಿ ಅವರಿಗೆ ವಿಧಿವತ್ತಾಗಿ ಶರಣಾದರು.

ಮುಂಡರಗಿಯಲ್ಲಿ ಅಂಗಡಿಯೊಂದರ ಮುಂದೆ ಇದ್ದ ರೇಡಿಯೋದ ಸುತ್ತ ಶುಕ್ರವಾರ ರಾತ್ರಿ ಜನ ನೆರೆದಿದ್ದರು. ಸೋದರಮಾವ ಮನೆಗೆ ಓಡಿ ಬಂದು ಹೇಳಿದ್ದು “ನಿಜಾಮ ಸೋತ” ಎಂಬ ಎರಡೇ ಪದ. ಆಯಿಯ ತಾಯಿ ಅದಕ್ಕೆ ಉತ್ತರವಾಗಿ ಹೇಳಿದ್ದೂ ಹೆಚ್ಚಲ್ಲ: “ಹಂಗಾದ್ರ ಬಂಡಿ ಹೂಡ್ರಿ.” ಬೆಳಗಿನ ಜಾವ ಬಂಡಿ ಹೊರಟಿತು.

ಆ ದಿನ ಊರಿನಲ್ಲಿ ಏನೇನು ನಡೆಯಿತು?

ಆಯಿಯ ಮಾತಿನಲ್ಲಿ ದಿನ ಶುರುವಾಗುವುದು ನಾಕಾದಿಂದ. ಅಡ್ಡ ತೊಲೆ ಮೇಲಕ್ಕೆ ಎತ್ತಿದ ಹಾಗೆಯೇ ಇತ್ತು, ಕೋಣೆಯ ಬಾಗಿಲು ತೆರೆದಿತ್ತು, ಕುರ್ಚಿ ನೆಲಕ್ಕೆ ಉರುಳಿತ್ತು, ಒಬ್ಬರೂ ಇರಲಿಲ್ಲ. ಆದರೂ ಬಂಡಿ ಹೊಡೆಯುತ್ತಿದ್ದ ಸೋದರಮಾವ ಅಭ್ಯಾಸಬಲದಿಂದ ಎತ್ತುಗಳನ್ನು ಅಲ್ಲಿ ನಿಲ್ಲಿಸಿದರು. ಕೇಳುವವರು ಯಾರೂ ಇಲ್ಲವೆಂಬುದು ಅರಿವಾಗಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಎತ್ತುಗಳು ತಾವಾಗಿಯೇ ಮುಂದೆ ನಡೆದವು. ಸ್ವಾತಂತ್ರ್ಯ ಎಂದರೆ ಏನು ಎಂದು ಮೊಮ್ಮಕ್ಕಳು ಕೇಳಿದಾಗಲೆಲ್ಲ ಆಯಿ ವಿವರಣೆ ಕೊಡುವುದಿಲ್ಲ. ಈ ತೊಲೆಯ ಪ್ರಸಂಗವನ್ನು ಇನ್ನೊಮ್ಮೆ ಹೇಳುತ್ತಾರೆ.

ಊರಿನ ಅಗಸಿಯ ಮುಂದೆ ಗಂಡಸರೆಲ್ಲ ನೆರೆದಿದ್ದರು. ಶಿಬಿರದಿಂದ ಬಂದಿದ್ದ ಇಬ್ಬರು ಹುಡುಗರು ಬಾವುಟ ಏರಿಸಬೇಕೆಂದು ಹೇಳುತ್ತಿದ್ದರು, ಆದರೆ ಊರಿನಲ್ಲಿ ಬಾವುಟವೇ ಇರಲಿಲ್ಲ. ಇಟ್ಟುಕೊಳ್ಳುವ ಧೈರ್ಯ ಅಲ್ಲಿಯವರೆಗೆ ಯಾರಿಗೂ ಇರಲಿಲ್ಲ. ಬಾವುಟವನ್ನು ಅಲ್ಲೇ, ಆಗಲೇ ಮಾಡಬೇಕಾಯಿತು. ಮೇಲಿನ ಪಟ್ಟಿಗೆ ಮಠದಿಂದ ಕಾವಿ ಬಟ್ಟೆ ತಂದರು. ಬಿಳಿಯ ಪಟ್ಟಿಗೆ ಆಯಿಯ ತಂದೆ ತಮ್ಮ ಒಗೆದ ಧೋತರದ ಅಂಚು ಕತ್ತರಿಸಿ ಉಳಿದದ್ದನ್ನು ಕೊಟ್ಟರು. ಹಸಿರಿಗೆ ಏನೂ ಸಿಗದೆ ಹುಡುಕಾಡುತ್ತಿದ್ದಾಗ ಆಯಿಯ ತಾಯಿ ಒಳಗೆ ಹೋಗಿ, ಕುಬಸಕ್ಕೆಂದು ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದ ಗುಳೇದಗುಡ್ಡದ ಹಸಿರು ಖಣವನ್ನು ತಂದು ಮುಂದಿಟ್ಟರು. ಅದರ ಅಂಚಿನಲ್ಲಿ ಕೆಂಪು ಪಟ್ಟಿ ಇತ್ತು, ಅದನ್ನು ಒಳಕ್ಕೆ ಮಡಿಸಿ ಹೊಲಿದರೂ ಒಂದು ಕಡೆ ಎಳೆಯಷ್ಟು ಕೆಂಪು ಹೊರಗೆ ಕಾಣುತ್ತಿತ್ತು. ಮೂರು ಪಟ್ಟಿಗಳೂ ಒಂದೇ ಅಗಲದವಾಗಿರಲಿಲ್ಲ. ಖಣ ಚಿಕ್ಕದಾದ್ದರಿಂದ ಹಸಿರು ಸಣ್ಣದಾಗಿ, ಕಾವಿ ದೊಡ್ಡದಾಗಿ ಬಂತು.

ನಾಲ್ವರು ಹೆಂಗಸರು ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂತು, ಕೌದಿ ಹೊಲಿಯುವ ದಪ್ಪ ದಾರದಿಂದ ಕೈಹೊಲಿಗೆ ಹಾಕಿದರು. ಆಯಿಯ ಕೆಲಸ ಸೂಜಿಗೆ ದಾರ ಪೋಣಿಸಿ ಕೊಡುವುದು. ನಡುವಿನ ಬಿಳಿಯ ಮೇಲೆ ಬಡಿಗ್ಯಾರ ಮನೆಯ ಹಿರಿಯರು ಕಾಡಿಗೆ ಮತ್ತು ಎಣ್ಣೆ ಕಲಸಿ, ಕಡ್ಡಿಯಿಂದ ಚರಕ ಬರೆದರು. ಗಾಲಿಯ ಅರಗಳನ್ನು ಬಂಡಿಯ ಗಾಲಿಗೆ ಅಳೆಯುವ ಹಾಗೆ ದಾರ ಹಿಡಿದು ಅಳೆದರಂತೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಚಾವಡಿಯ ಮೇಲಿದ್ದ ಹಳದಿ ಬಾವುಟವನ್ನು ಇಳಿಸಿದರು. ಅದನ್ನು ಸುಡಬೇಕೆಂದು ಹುಡುಗರು ಹಟ ಹಿಡಿದರು, ಆದರೆ ಊರ ಗೌಡರು ಮಡಿಸಿ ತಮ್ಮ ಬಗಲಲ್ಲಿ ಇಟ್ಟುಕೊಂಡರು. ಆಮೇಲೆ ಅದು ಏನಾಯಿತೋ ಆಯಿ ನೋಡಲಿಲ್ಲ. ಹೊಸ ಬಾವುಟವನ್ನು ಉದ್ದನೆಯ ಬಿದಿರು ಗಳಕ್ಕೆ ಕಟ್ಟಿ, ಚಾವಡಿಗಿಂತ ಎತ್ತರದಲ್ಲಿರಲಿ ಎಂದು ಅಗಸಿಯ ಪಕ್ಕದ ಹುಡೇವಿನ ಮೇಲೆ ನಿಲ್ಲಿಸಿದರು. ಹಲಗೆ, ಡೊಳ್ಳು ಬಾರಿಸಿದವು. ವಂದೇ ಮಾತರಂ ಎಂಬ ಘೋಷಣೆಯನ್ನು ಶಿಬಿರದ ಹುಡುಗರು ಹೇಳಿಕೊಟ್ಟರು, ಊರವರು ತಮ್ಮ ಬಾಯಿಗೆ ಬಂದಂತೆ ಕೂಗಿದರು. ಬೆಲ್ಲ ಮತ್ತು ಒಣಕೊಬ್ಬರಿ ಹಂಚಿದರು. ಸಂಜೆಗೆ ಮನೆಮನೆಯಿಂದ ಗೋಧಿ, ಬೆಲ್ಲ ಕೂಡಿಸಿ ಗುಡಿಯ ಮುಂದೆ ದೊಡ್ಡ ಹಂಡೆಯಲ್ಲಿ ಹುಗ್ಗಿ ಮಾಡಿದರು.

ಸೂರ್ಯ ಮುಳುಗಿದ ಮೇಲೆ ಬಾವುಟವನ್ನು ಇಳಿಸಬೇಕೆಂಬ ನಿಯಮ ಆ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೀಗಾಗಿ ಅದು ಇಡೀ ರಾತ್ರಿ ಹುಡೇವಿನ ಮೇಲೆಯೇ ಹಾರಿತು. ಹುಣ್ಣಿಮೆ ಬೆಳದಿಂಗಳಲ್ಲಿ ಆಯಿ ಅದನ್ನು ಕಂಡದ್ದು ಆ ತಪ್ಪಿನಿಂದಾಗಿ. ಅದು ಯಾವ ದಿನವೆಂದು ನಾವು ಕಂಡುಕೊಂಡದ್ದೂ ಅದೇ ತಪ್ಪಿನಿಂದ.

ಬಾವುಟದಲ್ಲಿ ಅಶೋಕ ಚಕ್ರ ಇರಬೇಕಲ್ಲವೇ? ಚರಕ ಏಕೆ?

ಸಂವಿಧಾನ ಸಭೆ 1947ರ ಜುಲೈ 22ರಂದು ಅಂಗೀಕರಿಸಿದ ರಾಷ್ಟ್ರಧ್ವಜದಲ್ಲಿ ಅಶೋಕ ಚಕ್ರವೇ ಇದೆ, ಆ ಮಾತು ಸರಿ. ಆದರೆ ಅದಕ್ಕಿಂತ ಮೊದಲು ಚಳವಳಿಯ ಬಾವುಟದಲ್ಲಿ ಇದ್ದದ್ದು ಚರಕ. ಆಯಿಯ ಊರಿನವರು ಕಂಡಿದ್ದ ಬಾವುಟ ಅದೊಂದೇ, ಅದೂ ಗಡಿಯಾಚೆ ಶಿಬಿರದಲ್ಲಿ, ದೂರದಿಂದ. ಹೊಸ ಬಾವುಟದ ಚಿತ್ರ ಒಳನಾಡಿನ ಹಳ್ಳಿಯವರೆಗೆ ಇನ್ನೂ ಬಂದಿರಲಿಲ್ಲ. ಮೊಮ್ಮಕ್ಕಳು ಇದನ್ನು ತಪ್ಪು ಎಂದಾಗ ನನಗೆ ಬೇಸರವಾಗುತ್ತದೆ, ಏಕೆಂದರೆ ಆಯಿಯ ನೆನಪು ನಿಜವೆಂಬುದಕ್ಕೆ ಇದೇ ಗಟ್ಟಿಯಾದ ಸಾಕ್ಷಿ. ಆಮೇಲೆ ಶಾಲೆಯಲ್ಲಿ ಕಂಡದ್ದನ್ನು ಹಿಂದಿನ ದಿನಕ್ಕೆ ಜೋಡಿಸಿ ಹೇಳುವವರಾಗಿದ್ದರೆ ಅವರು ಚಕ್ರವನ್ನೇ ಹೇಳುತ್ತಿದ್ದರು.

ಊರಿನಲ್ಲಿ ಹೊಲಿಗೆ ಯಂತ್ರ ಇರಲಿಲ್ಲವೇ?

ಇತ್ತು. ಈ ಪ್ರಶ್ನೆಯನ್ನು ಕೇಳಿದ್ದು ನಮ್ಮ ಮನೆಯ ಅತಿ ಕಿರಿಯ ಮೊಮ್ಮಗಳು, ಅಲ್ಲಿಯವರೆಗೆ ದೊಡ್ಡವರಾರಿಗೂ ಹೊಳೆದಿರಲಿಲ್ಲ. ಊರಿಗೆಲ್ಲ ಒಂದೇ ಯಂತ್ರ, ಅದು ಒಬ್ಬ ಮುಸಲ್ಮಾನ ದರ್ಜಿಯದು. ಆಯಿಯ ಲಂಗ, ಅವರ ತಂದೆಯ ಅಂಗಿ, ಊರ ಮದುವೆಗಳ ಬಟ್ಟೆಯೆಲ್ಲ ಅವರೇ ಹೊಲಿಯುತ್ತಿದ್ದರು. ಆ ದಿನ ಅವರ ಮನೆಗೆ ಬೀಗ ಬಿದ್ದಿತ್ತು. ಸುದ್ದಿ ಬಂದ ರಾತ್ರಿಯೇ ಅವರು ಹೆಂಡತಿ ಮಕ್ಕಳೊಡನೆ ಕಾಲ್ನಡಿಗೆಯಲ್ಲಿ ಊರು ಬಿಟ್ಟಿದ್ದರು. ಬಾವುಟ ಹೊಲಿಯಲು ಯಂತ್ರ ಕೇಳೋಣವೆಂದು ಓಡಿ ಹೋದ ಹುಡುಗರಲ್ಲಿ ಆಯಿಯೂ ಇದ್ದರು. ಬೀಗ ಕಂಡು ಹಿಂದಿರುಗಿದರು. ಕೈಹೊಲಿಗೆಗೆ ಕಾರಣ ಅದು.

ಆ ದರ್ಜಿ ರಜಾಕಾರರೊಡನೆ ಸೇರಿದ್ದರೇ ಎಂದು ಕೇಳಿದರೆ ಆಯಿ ತಲೆ ಅಲ್ಲಾಡಿಸುತ್ತಾರೆ: “ಅವಗ ಕತ್ರಿ ಬಿಟ್ರ ಬ್ಯಾರೆ ಏನೂ ಹಿಡಿಯಾಕ ಬರತಿರಲಿಲ್ಲ.” ಒಂದು ವರ್ಷದ ಮೇಲೆ ಅವರು ಮರಳಿ ಬಂದರು. ಬೀಗ ಮುರಿದಿತ್ತು, ಯಂತ್ರ ಇರಲಿಲ್ಲ. ಅದನ್ನು ಯಾರು ಒಯ್ದರೆಂಬುದು ಆಯಿಗೆ ಗೊತ್ತಿದೆ ಎಂದು ನನಗನಿಸುತ್ತದೆ. ಅಷ್ಟು ವರ್ಷಗಳಲ್ಲಿ ಅವರು ಹೆಸರು ಹೇಳಿಲ್ಲ, ನಾವೂ ಒತ್ತಾಯಿಸಿಲ್ಲ.

ಈ ಭಾಗವನ್ನು ಬಿಟ್ಟು ಕಥೆ ಹೇಳಿದರೆ ಸಾಲದೇ ಎಂದು ಕೆಲವು ಬಂಧುಗಳು ಕೇಳಿದ್ದಾರೆ. ಸಾಲದು ಎಂಬುದೇ ನನ್ನ ಅಭಿಪ್ರಾಯ. ಪೊಲೀಸ್ ಆ್ಯಕ್ಷನ್ ನಂತರದ ದಿನಗಳಲ್ಲಿ ಸಂಸ್ಥಾನದ ಹಲವೆಡೆ ಮುಸಲ್ಮಾನರ ಮೇಲೆ ಭೀಕರ ಹಿಂಸೆ ನಡೆಯಿತು. ಅದನ್ನು ವಿಚಾರಿಸಲು ಭಾರತ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಸತ್ತವರ ಸಂಖ್ಯೆಯನ್ನು 27,000ದಿಂದ 40,000ದ ನಡುವೆ ಅಂದಾಜು ಮಾಡಿತು. ಹೆಚ್ಚು ಹಾನಿಗೊಂಡ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿ, ಬೀದರಗಳೂ ಇದ್ದವು. ಆಯಿಯ ಊರಿನಲ್ಲಿ ಕೊಲೆ ನಡೆಯಲಿಲ್ಲ; ಅಲ್ಲಿ ಹೋದದ್ದು ಒಂದು ಹೊಲಿಗೆ ಯಂತ್ರ. ಆದರೆ ಬಾವುಟ ಏರಿದ ಸಂತೋಷವೂ ಬೀಗ ಹಾಕಿದ ಆ ಮನೆಯೂ ಒಂದೇ ದಿನದವು, ಒಂದೇ ಓಣಿಯವು.

ಆಯಿಯ ನೆನಪಿನಲ್ಲಿ ತಪ್ಪುಗಳೇ ಇಲ್ಲವೇ?

ಇವೆ. ಮೊದಮೊದಲು ಅವರು ಆ ದಿನ ಎಲ್ಲರೂ ನಿಂತು ಜನಗಣಮನ ಹಾಡಿದರು ಎಂದಿದ್ದರು. ಅದು ರಾಷ್ಟ್ರಗೀತೆಯಾಗಿ ಅಂಗೀಕಾರವಾದದ್ದು 1950ರ ಜನವರಿ 24ರಂದು. 1948ರಲ್ಲಿ ಆ ಹಳ್ಳಿಯವರಿಗೆ ಅದು ಬಾಯಿಪಾಠವಾಗಿರುವ ಸಂಭವ ತೀರ ಕಡಿಮೆ. “ಯಾರು ಹೇಳಿಕೊಟ್ಟರು?” ಎಂದು ಕೇಳಿದಾಗ ಅವರು ಸ್ವಲ್ಪ ಯೋಚಿಸಿ, ಅದನ್ನು ಕಲಿಸಿದ್ದು ಆಮೇಲೆ ಊರಿಗೆ ಬಂದ ಕನ್ನಡ ಶಾಲೆಯ ಮಾಸ್ತರರು, ಆ ದಿನ ಕೂಗಿದ್ದು ವಂದೇ ಮಾತರಂ ಮಾತ್ರ ಎಂದು ತಾವೇ ತಿದ್ದಿದರು. ಎರಡು ದಿನಗಳು ಹೀಗೆ ಒಂದಾಗುವುದು ಸಹಜ. ಅದನ್ನು ಬಿಡಿಸಲು “ಅದು ತಪ್ಪು” ಎನ್ನುವುದಕ್ಕಿಂತ “ಆಗ ಪಕ್ಕದಲ್ಲಿ ಯಾರಿದ್ದರು, ಅದನ್ನು ಯಾರು ಹೇಳಿಕೊಟ್ಟರು” ಎಂದು ಕೇಳುವುದು ಹೆಚ್ಚು ಫಲ ಕೊಟ್ಟಿತು. ತಪ್ಪು ಎಂದ ದಿನ ಅವರು ಮಾತು ನಿಲ್ಲಿಸಿ ಒಳಗೆ ಹೋದರು, ಮತ್ತೆ ಬಾಯಿ ಬಿಡಲು ಒಂದು ವಾರ ಬೇಕಾಯಿತು.

ಮರುದಿನದಿಂದ ಏನು ಬದಲಾಯಿತು?

ಮಕ್ಕಳು ನಿರೀಕ್ಷಿಸುವಷ್ಟು ಬೇಗ ಬದಲಾಗಲಿಲ್ಲ. ಹೈದರಾಬಾದಿನಲ್ಲಿ ಚೌಧುರಿಯವರ ಸೈನಿಕ ಆಡಳಿತ ಬಂತು, ಹಾಲಿ ಸಿಕ್ಕಾ ಕೆಲವು ವರ್ಷ ಚಲಾವಣೆಯಲ್ಲಿಯೇ ಇತ್ತು. ಜಹಗೀರುಗಳು 1949ರಲ್ಲಿ ರದ್ದಾದವು. ಸೋತ ನಿಜಾಮರನ್ನು ಏನು ಮಾಡಿದರು ಎಂಬುದು ಮೊಮ್ಮಕ್ಕಳ ಖಾಯಂ ಪ್ರಶ್ನೆ. 1950ರಿಂದ 1956ರವರೆಗೆ ಅವರೇ ಹೈದರಾಬಾದ್ ರಾಜ್ಯದ ರಾಜಪ್ರಮುಖರು, ಅಂದರೆ ರಾಜ್ಯಪಾಲರಂಥ ಮುಖ್ಯಸ್ಥರು, ಆಗಿದ್ದರು ಎಂದರೆ ಅವರಿಗೆ ಆಶ್ಚರ್ಯವಾಗುತ್ತದೆ. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳ ಕನ್ನಡ ಪ್ರದೇಶ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಆ ಹೊತ್ತಿಗೆ ಆಯಿಯ ಮದುವೆಯಾಗಿ, ಅವರು ಗಡಿಯಾಚೆಯ ಊರಿಗೆ ನಡೆದಿದ್ದರು; ಅಂದರೆ ಅಲ್ಲಿ ಗಡಿಯೇ ಉಳಿದಿರಲಿಲ್ಲ.

ಬೇರೆ ಸೀಮೆಯ ಅಜ್ಜಿಯರೂ ಇದೇ ದಿನ ಹೇಳುತ್ತಾರೆಯೇ?

ಇಲ್ಲ. ಧಾರವಾಡ, ವಿಜಯಪುರ, ಬೆಳಗಾವಿ ಕಡೆಯವರ ದಿನ ಆಗಸ್ಟ್ 15. ಹಳೆಯ ಮೈಸೂರಿನವರಲ್ಲಿ ಕೆಲವರು ಆಗಸ್ಟ್ 15ಕ್ಕಿಂತ ಅದರ ನಂತರದ ಎರಡು ತಿಂಗಳನ್ನು ಹೆಚ್ಚು ಹೇಳುತ್ತಾರೆ. ಮೈಸೂರು ಭಾರತಕ್ಕೆ ಸೇರಲು ಒಪ್ಪಿದ್ದರೂ ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರು ಚಲೋ ಚಳವಳಿ ನಡೆಯಬೇಕಾಯಿತು, ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದದ್ದು ಅಕ್ಟೋಬರ್ 1947ರಲ್ಲಿ. ನಿಮ್ಮ ಅಜ್ಜಿಯ ಕಥೆ ಶಾಲೆಯ ಪುಸ್ತಕಕ್ಕೆ ಹೊಂದದಿದ್ದರೆ, ಅವರ ತವರೂರು ಆಗ ಯಾರ ಆಳ್ವಿಕೆಯಲ್ಲಿತ್ತು ಎಂಬುದನ್ನು ಮೊದಲು ನೋಡಬೇಕು.

ಆ ಬಾವುಟ ಈಗ ಎಲ್ಲಿದೆ?

ಉಳಿದಿಲ್ಲ. ದೀಪಾವಳಿಯ ಹೊತ್ತಿಗೆ ಮಳೆಗಾಳಿಗೆ ಸಿಕ್ಕಿ ಕಾವಿ ಪಟ್ಟಿ ಹರಿಯಿತು. ಕಾಡಿಗೆಯ ಚರಕ ಅದಕ್ಕಿಂತ ಮೊದಲೇ ಕರಗಿ, ಬಿಳಿಯ ಮೇಲೆ ಕಪ್ಪು ಗೆರೆಗಳಾಗಿ ಇಳಿದಿತ್ತು. ಆಯಿಯ ತಾಯಿ ಬಾವುಟವನ್ನು ಬಿಚ್ಚಿ, ಹಸಿರು ಖಣದ ತುಂಡನ್ನು ಮಾತ್ರ ಒಗೆದು ಇಟ್ಟುಕೊಂಡರು. ಮುಂದೆ ಅದನ್ನು ಒಂದು ಕೌದಿಯಲ್ಲಿ ತೇಪೆಯಾಗಿ ಸೇರಿಸಿದರು. ಆ ಕೌದಿ ಆಯಿಯೊಡನೆ ಗಂಡನ ಮನೆಗೆ ಬಂದು, ನಮ್ಮ ತಂದೆಯನ್ನೂ ಅವರ ತಂಗಿಯರನ್ನೂ ಸಾಕಿ, ಈಗ ಅಟ್ಟದ ಮೇಲಿನ ಟ್ರಂಕಿನಲ್ಲಿದೆ. ಹಸಿರು ಬಣ್ಣ ಬಹುಮಟ್ಟಿಗೆ ಮಾಸಿದೆ. ಬೆಳಕಿಗೆ ಹಿಡಿದರೆ ಅದರ ಒಂದು ಅಂಚಿನಲ್ಲಿ ಕೆಂಪಿನ ಎಳೆ ಇನ್ನೂ ಕಾಣುತ್ತದೆ, ಅದರ ಪಕ್ಕದಲ್ಲಿ ದಪ್ಪ ದಾರ ಹಾದುಹೋಗಿದ್ದ ತೂತುಗಳ ಸಾಲು ಇದೆ. ಪ್ರತಿ ವರ್ಷ ಸೆಪ್ಟೆಂಬರ್ ತಿಂಗಳಿನಲ್ಲಿ ಮೊಮ್ಮಕ್ಕಳು ಅದನ್ನು ಕೆಳಗಿಳಿಸಿ ಕೊಟ್ಟಾಗ, ಆಯಿ ಕನ್ನಡಕ ಹಾಕಿಕೊಳ್ಳದೆ ಬೆರಳಿನಿಂದಲೇ ಆ ತೂತುಗಳನ್ನು ಹುಡುಕಿ ಎಣಿಸುತ್ತಾರೆ.